ಥರ್ಮೋಕೋಲ್ ಕಪ್ಪಿನಿಂದ ಸೋರಿಹೋದ ಶಾಖ ಎಷ್ಟು?

ಪ್ರಶ್ನೆ: ನಾವು ಕಾಲೇಜಿನ ಲ್ಯಾಬ್‌ನಲ್ಲಿ ಥರ್ಮೋಕೋಲ್ ಕಪ್ಪಿನೊಳಗೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿ, 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 50 ಮಿಲಿ ಬೆರೆಸಿ ತಟಸ್ಥೀಕರಣ ಎಂಥಾಲ್ಪಿ ಅಳೆದೆವು. ಬಂದದ್ದು ಮೋಲ್‌ಗೆ −52.7 ಕಿಲೋಜೂಲ್. ಪುಸ್ತಕದಲ್ಲಿ −57.1 ಇದೆ. ‘ಹೀಟ್ ಲಾಸ್’ ಎಂದು ಬರೆದುಬಿಡಿ ಎಂದರು. ಎಷ್ಟು ಲಾಸ್ ಆಯಿತೆಂದು ಲೆಕ್ಕ ಹಾಕಲು ಬರುವುದಿಲ್ಲವೇ?
— ಪಿಯು ವಿದ್ಯಾರ್ಥಿನಿ, ಕುಷ್ಟಗಿ

ಉತ್ತರ: ಬರುತ್ತದೆ. ಅದಕ್ಕೆ ಬೇಕಾದದ್ದೆಲ್ಲ ನೀವು ಕಳಿಸಿದ ರೀಡಿಂಗ್‌ಗಳಲ್ಲೇ ಇದೆ.

ಮೊದಲ ನಾಲ್ಕು ನಿಮಿಷ ಎರಡೂ ದ್ರಾವಣ 28.0 ಡಿಗ್ರಿಯಲ್ಲಿದ್ದವು, ಕೋಣೆಯ ತಾಪವೂ ಅಷ್ಟೇ. ನಾಲ್ಕನೇ ನಿಮಿಷಕ್ಕೆ ಬೆರೆಸಿದಿರಿ. ಐದನೇ ನಿಮಿಷ 34.2, ಆರಕ್ಕೆ 34.3, ಏಳಕ್ಕೆ 34.2, ಎಂಟಕ್ಕೆ 34.1, ಒಂಬತ್ತಕ್ಕೆ 34.0, ಹತ್ತಕ್ಕೆ 33.9. ಇದರಲ್ಲಿ ದೊಡ್ಡ ಸಂಖ್ಯೆಯಾದ 34.3ನ್ನು ಆರಿಸಿ, ಏರಿಕೆ 6.3 ಡಿಗ್ರಿ ಎಂದು ಲೆಕ್ಕ ಹಾಕಿದ್ದೀರಿ. ತಪ್ಪು ಇರುವುದು ಇಲ್ಲೇ. ಆಮ್ಲ ಮತ್ತು ಪ್ರತ್ಯಾಮ್ಲ ಸೇರಿದ ಕ್ಷಣದಲ್ಲೇ ಶಾಖ ಪೂರ್ತಿ ಹೊರಬಂದಿರುತ್ತದೆ. ಆದರೆ ಥರ್ಮಾಮೀಟರ್ ಅದನ್ನು ಹಿಡಿಯಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ, ಆ ಹೊತ್ತಿಗೆ ಕಪ್ಪು ತಣಿಯತೊಡಗಿರುತ್ತದೆ. ನಿಮಗೆ ಸಿಕ್ಕ ಗರಿಷ್ಠ ತಾಪ ಈಗಾಗಲೇ ಸೋರಿಕೆ ಕಳೆದು ಉಳಿದದ್ದು.

ಹಾಗಾಗಿ ರೀಡಿಂಗ್‌ಗಳನ್ನು ಗ್ರಾಫ್ ಹಾಳೆಯ ಮೇಲೆ ಇಡಿ. ಆರರಿಂದ ಹತ್ತನೇ ನಿಮಿಷದವರೆಗಿನ ಬಿಂದುಗಳು ನಿಮಿಷಕ್ಕೆ 0.1 ಡಿಗ್ರಿ ಇಳಿಯುವ ನೇರ ಗೆರೆಯ ಮೇಲೆ ಕೂರುತ್ತವೆ. ಸ್ಕೇಲ್ ಹಿಡಿದು ಆ ಗೆರೆಯನ್ನು ಹಿಂದಕ್ಕೆ, ಬೆರೆಸಿದ ನಾಲ್ಕನೇ ನಿಮಿಷದವರೆಗೆ ಎಳೆದರೆ ಅದು 34.5ಕ್ಕೆ ಮುಟ್ಟುತ್ತದೆ. ಸೋರಿಕೆಯೇ ಇಲ್ಲದಿದ್ದರೆ ತಾಪ ಏರುತ್ತಿದ್ದದ್ದು ಇಲ್ಲಿಯವರೆಗೆ, ಅಂದರೆ 6.5 ಡಿಗ್ರಿ. ನೂರು ಗ್ರಾಂ ನೀರಿನ ಉಷ್ಣಧಾರಕತೆ 418 ಜೂಲ್ ಎಂದಿಟ್ಟರೆ 2717 ಜೂಲ್ ಶಾಖ, 0.05 ಮೋಲ್‌ನಿಂದ ಭಾಗಿಸಿದರೆ 54.3 ಕಿಲೋಜೂಲ್. ಗಾಳಿಗೆ ಹೋದದ್ದು ಮೋಲ್‌ಗೆ 1.6 ಕಿಲೋಜೂಲ್ ಮಾತ್ರ. ನಿಮ್ಮ ಕಪ್ಪು ಅಷ್ಟೇನೂ ಕೆಟ್ಟದ್ದಲ್ಲ.

ಉಳಿದದ್ದರಲ್ಲಿ ಒಂದು ಪಾಲನ್ನು ಕಪ್ಪು, ಥರ್ಮಾಮೀಟರ್, ಗಾಜಿನ ಕಡ್ಡಿಗಳೇ ಬಿಸಿಯಾಗಲು ನುಂಗಿವೆ. ಇದನ್ನು ಗ್ರಾಫ್ ತೋರಿಸುವುದಿಲ್ಲ, ಬೇರೆಯಾಗಿಯೇ ಅಳೆಯಬೇಕು. ಅದೇ ಕಪ್ಪಿಗೆ 27.0 ಡಿಗ್ರಿಯ 50 ಮಿಲಿ ನೀರು ಹಾಕಿ, ಮೇಲೆ 45.0 ಡಿಗ್ರಿಯ 50 ಮಿಲಿ ಬಿಸಿನೀರು ಸುರಿದು, ಮುಚ್ಚಳ ಹಾಕಿ ಕಲಕಿ, ಇಲ್ಲೂ ಗೆರೆಯನ್ನು ಹಿಂದಕ್ಕೆ ಎಳೆಯಿರಿ. ಕಪ್ಪು ಏನನ್ನೂ ನುಂಗದಿದ್ದರೆ ತಾಪ ಸರಿಯಾಗಿ 36.0 ಆಗಬೇಕಿತ್ತು, 35.7 ಬಂತೆನ್ನಿ. ಬಿಸಿನೀರು ಬಿಟ್ಟುಕೊಟ್ಟ ಶಾಖ 1944 ಜೂಲ್, ತಣ್ಣೀರು ಪಡೆದದ್ದು 1818. ನಡುವಿನ ಸುಮಾರು 125 ಜೂಲ್ ಕಪ್ಪಿಗೆ ಸೇರಿದೆ. ಕಪ್ಪಿನ ತಾಪ 8.7 ಡಿಗ್ರಿ ಏರಿದ್ದರಿಂದ ಅದರ ಉಷ್ಣಧಾರಕತೆ ಡಿಗ್ರಿಗೆ ಸುಮಾರು 14 ಜೂಲ್. ಇದನ್ನು 418ಕ್ಕೆ ಕೂಡಿಸಿದರೆ ಮೊತ್ತ 432, ಉತ್ತರ ಮೋಲ್‌ಗೆ −56.2 ಕಿಲೋಜೂಲ್. ಒಂದು ಎಚ್ಚರಿಕೆ: ಈ ಪರೀಕ್ಷೆಯಲ್ಲಿ ಅಂತಿಮ ತಾಪವನ್ನು 35.8 ಎಂದು ಓದಿದ್ದರೆ 14ರ ಬದಲು 9.5 ಬರುತ್ತಿತ್ತು. ಆದ್ದರಿಂದ ಮೂರ್ನಾಲ್ಕು ಸಲ ಮಾಡಿ ಸರಾಸರಿ ತೆಗೆದುಕೊಳ್ಳಿ.

ಬಹಳ ಮಂದಿ ಮರೆಯುವ ಇನ್ನೊಂದು ಸಂಗತಿಯಿದೆ, ಅದು ಉಲ್ಟಾ ದಿಕ್ಕಿನಲ್ಲಿ ಎಳೆಯುತ್ತದೆ. ಕಪ್ಪಿನಲ್ಲಿ ಕೊನೆಗೆ ಇರುವುದು ಬರಿ ನೀರಲ್ಲ, ಉಪ್ಪುನೀರು. ಅದರ ಉಷ್ಣಧಾರಕತೆ 100 ಮಿಲಿಗೆ 411 ಜೂಲ್‌ನ ಆಸುಪಾಸು. ಇದನ್ನು ಹಾಕಿದರೆ ಉತ್ತರ ಸುಮಾರು 55.3ಕ್ಕೆ ಇಳಿಯುತ್ತದೆ. ನಷ್ಟದ ತಿದ್ದುಪಡಿ ಮಾತ್ರ ಮಾಡಿ ಇದನ್ನು ಬಿಟ್ಟವರಿಗೆ ಉತ್ತರ ಇರಬೇಕಾದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ, ಅಷ್ಟೆ.

ಹಾಗಾದರೆ 57.1 ಏಕೆ ಬರಲಿಲ್ಲ? ಅದನ್ನು ಕಲ್ಲಿನ ಮೇಲೆ ಕೆತ್ತಿದ ಸಂಖ್ಯೆ ಎಂದು ತಿಳಿಯಬೇಡಿ. ಇಲ್ಲಿ ನಿಜವಾಗಿ ನಡೆಯುವ ಕ್ರಿಯೆ H⁺ + OH⁻ → H₂O, ಮತ್ತು ಇದರ ಎಂಥಾಲ್ಪಿ ತಾಪದೊಂದಿಗೆ ಬದಲಾಗುತ್ತದೆ. ತೀರಾ ತೆಳು ದ್ರಾವಣಗಳಲ್ಲಿ 20 ಡಿಗ್ರಿಯಲ್ಲಿ ಸುಮಾರು −57, 25ರಲ್ಲಿ −55.8, 35ರಲ್ಲಿ ಸುಮಾರು −53.6. ನೀವು ಬಳಸಿದಂಥ 1 ಮೋಲಾರ್ ದ್ರಾವಣಗಳಲ್ಲಿ ತೆಳುವಾಗುವಾಗಿನ ಶಾಖವೂ ಸೇರಿ ಇದಕ್ಕಿಂತ ಒಂದು ಕಿಲೋಜೂಲ್‌ನಷ್ಟು ಹೆಚ್ಚು ಕಾಣುತ್ತದೆ. ಕೊಪ್ಪಳದ ಏಪ್ರಿಲ್ ಬಿಸಿಲಿನಲ್ಲಿ ಅಳೆದು 57.1ಕ್ಕೆ ಕಡಿಮೆ ಬಂದದ್ದನ್ನೆಲ್ಲ ಕಪ್ಪಿನ ತಲೆಗೆ ಕಟ್ಟುವುದು ಅನ್ಯಾಯ.

ಬೇಸಿಗೆಯಲ್ಲಿ ಕಾಡುವ ನಿಜವಾದ ಕಳ್ಳ ಆವಿಯಾಗುವಿಕೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು. ನಿಮ್ಮ ಪ್ರಯೋಗದಲ್ಲಿ ಹುಟ್ಟುವುದೇ 2.8. ಅಂದರೆ ಮುಚ್ಚಳವಿಲ್ಲದ ಕಪ್ಪಿನಿಂದ ಗ್ರಾಂನ ಹತ್ತನೇ ಒಂದು ಭಾಗ ಆರಿಹೋದರೂ ಅರ್ಧ ಡಿಗ್ರಿಗಿಂತ ಹೆಚ್ಚು ಹೋಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳ ನಡುವಿನ ಗಂಗಾವತಿಗಿಂತ ಯಲಬುರ್ಗಾ, ಕುಷ್ಟಗಿಗಳ ಒಣಗಾಳಿಯಲ್ಲಿ ಈ ನಷ್ಟ ಹೆಚ್ಚು. ಥರ್ಮಾಮೀಟರ್‌ಗೆ ತೂತು ಮಾಡಿದ ಬಿಗಿ ಮುಚ್ಚಳ ಹಾಕಿ, ತಲೆಯ ಮೇಲಿನ ಫ್ಯಾನ್ ಆರಿಸಿ. ಎರಡೂ ಬಾಟಲಿಗಳನ್ನು ಹರವಿಯ ನೀರಿನಲ್ಲಿ ಇಟ್ಟು, ಕೋಣೆಗಿಂತ ಮೂರು ಡಿಗ್ರಿ ತಣ್ಣಗಾದ ಮೇಲೆ ಪ್ರಯೋಗ ಶುರುಮಾಡಿದರೆ ಇನ್ನೂ ಒಳ್ಳೆಯದು. ಬೆರೆಸಿದ ಮೇಲೆ ಕಪ್ಪು ಕೋಣೆಗಿಂತ ಮೂರೂವರೆ ಡಿಗ್ರಿಯಷ್ಟೇ ಮೇಲಿರುತ್ತದೆ, ಸೋರಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೀಗೆ ಮಾಡಿದಾಗ ಬೆರೆಸುವ ಮುಂಚಿನ ಗೆರೆ ನಿಧಾನವಾಗಿ ಮೇಲೇರುತ್ತದೆ. ಅದನ್ನೂ ನಾಲ್ಕನೇ ನಿಮಿಷದವರೆಗೆ ಮುಂದಕ್ಕೆ ಎಳೆಯಬೇಕು.

ಗೆರೆಯ ಇಳಿಜಾರು ಕಡಿದಾಗಿದ್ದರೆ ಶಾಖ ಸೋರುತ್ತಿದೆ ಎಂದರ್ಥ. ಗೆರೆ ಬಹುತೇಕ ಸಮತಟ್ಟಾಗಿದ್ದೂ ಉತ್ತರ ತೀರಾ ಕಡಿಮೆ ಬಂದರೆ ಕಪ್ಪನ್ನು ಬಿಟ್ಟು ಕಾಸ್ಟಿಕ್ ಸೋಡಾ ಬಾಟಲಿಯನ್ನು ಅನುಮಾನಿಸಿ. ಆ ಬಿಲ್ಲೆಗಳು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತವೆ. 4 ಗ್ರಾಂ ತೂಗಿದರೆ ಅದರಲ್ಲಿ 4 ಗ್ರಾಂ ಸೋಡಾ ಇರುವುದಿಲ್ಲ. ಪ್ರಯೋಗ ಮುಗಿದ ಕಪ್ಪಿಗೆ ಎರಡು ಹನಿ ಫೀನಾಲ್ಫ್ತಲೀನ್ ಹಾಕಿ ನೋಡಿ. ಬಣ್ಣ ಬಾರದೆ, ಒಂದೆರಡು ಹನಿ ಸೋಡಾ ಬಿಟ್ಟರೂ ಗುಲಾಬಿಯಾಗದಿದ್ದರೆ ಆಮ್ಲ ಉಳಿದಿದೆ, ಸೋಡಾ ಸಾಲಲಿಲ್ಲ. ಆಕ್ಸಾಲಿಕ್ ಆಮ್ಲದೊಂದಿಗೆ ಟೈಟ್ರೇಷನ್ ಮಾಡಿ ಸೋಡಾದ ಸಾಂದ್ರತೆ ತಿಳಿದುಕೊಂಡು, ಅದನ್ನು ತುಸು ಹೆಚ್ಚಿಗೆ ಹಾಕಿದರೆ ಈ ಗೋಜು ತಪ್ಪುತ್ತದೆ. ಆ ದಿನವೇ ಕರಗಿಸಿದ ಸೋಡಾ ದ್ರಾವಣ ಬೆಚ್ಚಗಿರುತ್ತದೆ, ಹಿಂದಿನ ದಿನವೇ ಮಾಡಿಡಿ.

2022ರ ಜುಲೈ 1ರಿಂದ ಏಕಬಳಕೆ ಪ್ಲಾಸ್ಟಿಕ್ ಕಪ್ಪುಗಳಿಗೆ ದೇಶವ್ಯಾಪಿ ನಿಷೇಧವಿದೆ. ಇರುವ ಥರ್ಮೋಕೋಲ್ ಕಪ್ಪನ್ನು ತೊಳೆದು ಮತ್ತೆ ಬಳಸಿ. ಇಲ್ಲವಾದರೆ ಒಂದರೊಳಗೊಂದು ಇಟ್ಟ ಎರಡು ಕಾಗದದ ಕಪ್ಪುಗಳನ್ನು ಟಿವಿ ಪ್ಯಾಕಿಂಗ್‌ನ ಥರ್ಮೋಕೋಲ್ ತುಂಡಿನಲ್ಲಿ ಕೊರೆದ ಗುಳಿಯೊಳಗೆ ಕೂರಿಸಿ, ಅದರ ಉಷ್ಣಧಾರಕತೆಯನ್ನು ಹೊಸದಾಗಿ ಅಳೆದುಕೊಳ್ಳಿ.

ಥರ್ಮಾಮೀಟರ್ ಮಾತ್ರ ಡಿಗ್ರಿಯ ಹತ್ತನೇ ಭಾಗದ ಗುರುತು ಇರುವುದೇ ಬೇಕು. ಒಂದೊಂದು ಡಿಗ್ರಿಗೆ ಗೆರೆಯಿರುವ ಸಾಮಾನ್ಯ ಲ್ಯಾಬ್ ಥರ್ಮಾಮೀಟರ್‌ನಲ್ಲಿ ಅರ್ಧ ಡಿಗ್ರಿ ಆಚೀಚೆಯಾದರೆ 6.5ರಲ್ಲಿ ಅದು ಶೇಕಡಾ 8ರಷ್ಟಾಗುತ್ತದೆ, ನೀವು ಹುಡುಕುತ್ತಿರುವ ಇಡೀ ನಷ್ಟದಷ್ಟು. ರೆಕಾರ್ಡ್ ಪುಸ್ತಕದಲ್ಲಿ ‘ಹೀಟ್ ಲಾಸ್’ ಎಂದು ಬರೆಯುವ ಬದಲು ಗ್ರಾಫ್ ಅಂಟಿಸಿ, ಕಪ್ಪಿನ ಉಷ್ಣಧಾರಕತೆ ಮತ್ತು ಆ ದಿನದ ಕೋಣೆಯ ತಾಪವನ್ನು ಉತ್ತರದ ಪಕ್ಕದಲ್ಲಿ ಬರೆಯಿರಿ.