ಟಿವಿಯಲ್ಲಿ ಸಿನಿಮಾ ಏಕೆ ತಡವರಿಸುತ್ತದೆ?

ರಜೆಯಲ್ಲಿ ಮಾನ್ವಿಯ ಅಕ್ಕನ ಮನೆಗೆ ಹೋಗಿದ್ದೆ. ಹೊಸ ಟಿವಿಗೆ ಸ್ಟ್ರೀಮಿಂಗ್ ಸ್ಟಿಕ್ ಹಾಕಿ ಸಿನಿಮಾ ನೋಡುತ್ತಿದ್ದೆವು. ಕ್ಯಾಮೆರಾ ಬೆಟ್ಟದ ಸಾಲಿನ ಮೇಲೆ ನಿಧಾನವಾಗಿ ಹೊರಳಿದಾಗ ಚಿತ್ರ ನಯವಾಗಿ ಜಾರದೆ, ತಡೆತಡೆದು ಮುಂದೆ ಹೋಗುತ್ತಿತ್ತು. ಅಳಿಯ "ಮಾಮಾ, ನೆಟ್ ಸ್ಲೋ ಇದೆ" ಎಂದ. ನೆಟ್ ನಿಧಾನವಾದರೆ ಚಿತ್ರ ನಿಂತೇ ಬಿಡುತ್ತದೆ. ಇಲ್ಲಿ ಒಂದೇ ತಾಳದಲ್ಲಿ ಕುಲುಕುತ್ತಿತ್ತು. ಇದಕ್ಕೆ ಜಡ್ಡರ್ ಎನ್ನುತ್ತಾರೆ.

ಕಾರಣ ಸರಳ ಭಾಗಾಕಾರ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳಿವೆ. ಸ್ಟಿಕ್ ಟಿವಿಗೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸುತ್ತಿತ್ತು. 60ನ್ನು 24ರಿಂದ ಭಾಗಿಸಿದರೆ 2.5. ಅರ್ಧ ಸಲ ತೋರಿಸಲು ಬರುವುದಿಲ್ಲ. ಆದ್ದರಿಂದ ಒಂದು ಫ್ರೇಮ್ 3 ಸಲ, ಮುಂದಿನದು 2 ಸಲ ಬರುತ್ತದೆ. ಅಂದರೆ ಒಂದು 50 ಮಿಲಿಸೆಕೆಂಡ್, ಇನ್ನೊಂದು 33 ಮಿಲಿಸೆಕೆಂಡ್ ನಿಲ್ಲುತ್ತದೆ. ನಿಜವಾಗಿ ಪ್ರತಿಯೊಂದೂ 41.7 ಮಿಲಿಸೆಕೆಂಡ್ ನಿಲ್ಲಬೇಕು. ಈ ಏರುಪೇರೇ ಕಣ್ಣಿಗೆ ಕುಲುಕಾಟ.

ಹಾಗಾದರೆ 50 ಹರ್ಟ್ಸ್‌ಗೆ ಇಟ್ಟರೆ? ಶಕ್ತಿನಗರದಿಂದ ಬರುವ ವಿದ್ಯುತ್ತು 50 ಹರ್ಟ್ಸ್. ನಮ್ಮ ದೇಶದ ಟಿವಿ ಪ್ರಸಾರವೂ ಆ ಲೆಕ್ಕವನ್ನೇ ಹಿಡಿದು ಬಂದದ್ದು. ಆದರೆ ಅಲ್ಲಿಯೂ ಸೆಕೆಂಡಿಗೆ 22 ಫ್ರೇಮ್ 2 ಸಲ, ಉಳಿದ 2 ಫ್ರೇಮ್ 3 ಸಲ ಬಂದು, ಸೆಕೆಂಡಿಗೆ ಎರಡು ಸಲ ಮುಗ್ಗರಿಸುತ್ತದೆ. ಸರಿಯಾದ ದಾರಿ 24ಕ್ಕೆ 24 ಹೊಂದಿಸುವುದು.

ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಇದಕ್ಕೊಂದು ಆಯ್ಕೆ ಇರುತ್ತದೆ. ಫೈರ್ ಟಿವಿಯಲ್ಲಿ ಅದರ ಹೆಸರು Match Original Frame Rate, ಆಂಡ್ರಾಯ್ಡ್ ಟಿವಿಯಲ್ಲಿ Match content frame rate. ಕೋಡಿಯಲ್ಲಿ ಪ್ಲೇಯರ್ ಸೆಟ್ಟಿಂಗ್‌ಗೆ ಹೋಗಿ Adjust display refresh rate ಎಂಬಲ್ಲಿ On start / stop ಆರಿಸಬೇಕು. ಅಕ್ಕನ ಮನೆಯಲ್ಲಿ ಇದನ್ನು ಆನ್ ಮಾಡಿ ಅದೇ ದೃಶ್ಯ ಮತ್ತೆ ಹಾಕಿದೆ. ಪರದೆ ಎರಡು ಸೆಕೆಂಡು ಕಪ್ಪಾಯಿತು. ಅಳಿಯ ಗಾಬರಿಯಾದ. ಅದು ಕೆಟ್ಟದ್ದಲ್ಲ, ಟಿವಿ ದರ ಬದಲಿಸುವ ಲಕ್ಷಣ. ರಿಮೋಟಿನ ಇನ್ಫೋ ಬಟನ್ ಒತ್ತಿದಾಗ 60Hz ಇದ್ದಲ್ಲಿ 24Hz ಬಂದಿತ್ತು. ಬೆಟ್ಟದ ಸಾಲು ಸಮವಾಗಿ ಸರಿಯಿತು.

ಬದಲಾವಣೆ ಕಾಣದಿದ್ದರೆ ಎರಡು ವಿಷಯ ನೋಡಿ. ಕೆಲವು ಆ್ಯಪ್‌ಗಳು ದರ ಬದಲಿಸಲು ಕೇಳುವುದೇ ಇಲ್ಲ. ಬೇರೆ ಆ್ಯಪ್‌ನಲ್ಲಿ ಪರೀಕ್ಷಿಸಿ. ಕೆಲವು ಟಿವಿಗಳು 24 ಹರ್ಟ್ಸ್ ಸ್ವೀಕರಿಸುವುದಿಲ್ಲ. ಅಲ್ಲಿ ಈ ಸೆಟ್ಟಿಂಗ್‌ನಿಂದ ಫಲವಿಲ್ಲ. 120 ಹರ್ಟ್ಸ್ ಟಿವಿಗೆ ಈ ತೊಂದರೆ ಕಡಿಮೆ, ಏಕೆಂದರೆ ಪ್ರತಿ ಫ್ರೇಮನ್ನೂ ಸರಿಯಾಗಿ 5 ಸಲ ತೋರಿಸಬಹುದು.

ಒಂದು ಮಿತಿಯೂ ಇದೆ. ಕ್ಯಾಮೆರಾ ಬಹಳ ವೇಗವಾಗಿ ತಿರುಗಿದಾಗ 24 ಫ್ರೇಮ್ ಸಾಲದೆ ಕಾಣುವ ಅದುರು ಥಿಯೇಟರಿನಲ್ಲಿಯೂ ಇರುತ್ತದೆ. ಅದನ್ನು ಸೆಟ್ಟಿಂಗ್ ತೆಗೆಯಲಾರದು. ವ್ಯತ್ಯಾಸ ತಿಳಿಯಲು ಸಿನಿಮಾ ಕೊನೆಯಲ್ಲಿ ಮೇಲೇರುವ ಹೆಸರುಗಳನ್ನು ನೋಡಿ. ಅಕ್ಷರಗಳು ಸಮನಾದ ನಡೆಯಲ್ಲಿ ಏರಿದರೆ ದರ ಹೊಂದಿದೆ. ಒಂದು ಉದ್ದ, ಒಂದು ಗಿಡ್ಡ ಹೆಜ್ಜೆ ಹಾಕಿದರೆ ಇನ್ನೂ 60ರಲ್ಲೇ ಇದೆ.