ಉದ್ರಿ ಕೊಡುವ ಮೊದಲು ಫರ್ಮಿನ ಹೆಸರುಗಳನ್ನು ಓದು

ತಮ್ಮಾ,

ಈ ಸುಗ್ಗಿಯಿಂದ ನೀನೇ ಊರೂರಿನ ಕಡಲೆ ಖರೀದಿ ಮಾಡಿ ಬೇಳೆ ಮಿಲ್ಲಿಗೆ ಹಾಕುವವನಿದ್ದೀ ಎಂದು ನಿಮ್ಮಪ್ಪ ಹೇಳಿದ. ಎಂಬತ್ತು ಕ್ವಿಂಟಲ್ ಮಾಲನ್ನು ಕ್ವಿಂಟಲಿಗೆ ಆರು ಸಾವಿರದಂತೆ ಒಂದು ಫರ್ಮಿಗೆ ಒಂದು ತಿಂಗಳ ಉದ್ರಿಯಲ್ಲಿ ಕೊಟ್ಟೆ ಎಂದಿಟ್ಟುಕೋ. 4,80,000 ರೂಪಾಯಿ. ಈ ಸಾಲ ಯಾರ ಮೇಲಿದೆ ಎಂದು ಕೇಳಿದರೆ ನೀನು ಫರ್ಮಿನ ಹೆಸರು ಹೇಳುತ್ತೀ. ಆ ಹೆಸರಿಗೆ ಹೊಲವಿಲ್ಲ, ಮನೆಯಿಲ್ಲ. ಅದರ ಹಿಂದಿರುವ ಪಾಲುದಾರರಿಗೆ ಇರುತ್ತದೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 25ನೇ ಕಲಮಿನ ಪ್ರಕಾರ, ತಾನು ಪಾಲುದಾರನಾಗಿದ್ದಾಗ ಫರ್ಮ್ ಮಾಡಿದ ವ್ಯವಹಾರಕ್ಕೆ ಪ್ರತಿಯೊಬ್ಬನೂ ಪೂರ್ತಿ ಮೊತ್ತಕ್ಕೆ ಹೊಣೆ. ಅವನ ಪಾಲು ರೂಪಾಯಿಗೆ ನಾಲ್ಕಾಣೆಯೇ ಇರಲಿ, ನೀನು ಅವನೊಬ್ಬನಿಂದಲೇ ಇಡೀ 4,80,000 ಕೇಳಬಹುದು. ಅದಕ್ಕೇ ಆ ಹೆಸರುಗಳು ನಿನಗೆ ಮೊದಲೇ ಗೊತ್ತಿರಬೇಕು.

ಮೊದಲು ಅವರ ಬಿಲ್ಲನ್ನು ಕೈಗೆ ತಗೋ. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ‘ಆ್ಯಂಡ್ ಕಂಪನಿ’, ‘ಬ್ರದರ್ಸ್’, ‘ಆ್ಯಂಡ್ ಸನ್ಸ್’ ಎಂದು ಬೋರ್ಡು ಹಾಕಿದ ಅಂಗಡಿಯ ಒಡೆಯ ಒಬ್ಬನೇ ಇರಬಹುದು. ಬೋರ್ಡನ್ನು ನಂಬಬೇಡ, ಬಿಲ್ಲಿನ ಮೇಲಿನ ಜಿಎಸ್‌ಟಿ ನಂಬರ್ ಓದು. ಮೊದಲ ಎರಡು ಅಂಕಿ 29 ಇದ್ದರೆ ಅದು ಕರ್ನಾಟಕದ್ದು. ಅದರ ಮುಂದಿನ ಹತ್ತು ಅಕ್ಷರ ಅವರ ಪ್ಯಾನ್. ಒಟ್ಟು ನಂಬರಿನಲ್ಲಿ ಎಡದಿಂದ ಎಣಿಸಿದರೆ ಆರನೆಯದಾಗಿ ಬರುವ ಅಕ್ಷರ P ಆಗಿದ್ದರೆ ಒಬ್ಬನೇ ವ್ಯಕ್ತಿ, H ಆಗಿದ್ದರೆ ಅವಿಭಕ್ತ ಕುಟುಂಬ, F ಆಗಿದ್ದರೆ ಫರ್ಮ್. F ಕಂಡರೆ ಮಾತ್ರ ಮುಂದಿನ ಕೆಲಸ. ಹೆಸರಿನ ಕೊನೆಗೆ LLP ಎಂದಿದ್ದರೆ ಅದರ ದಾರಿ ಬೇರೆ: ಅದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ದಫ್ತರಿನಲ್ಲಿರುತ್ತದೆ. ನಾನಿಲ್ಲಿ ಹೇಳುವುದು ಅದಕ್ಕೆ ಅನ್ವಯಿಸುವುದಿಲ್ಲ.

ಈಗ ಎಲ್ಲಿಗೆ ಹೋಗಬೇಕು? ನರಗುಂದದ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಡ. ಅಲ್ಲಿ ಹೊಲ ಮನೆಗಳ ಖರೀದಿ ಪತ್ರ ಆಗುತ್ತದೆ. ಫರ್ಮುಗಳ ರಿಜಿಸ್ಟ್ರಾರ್ ಎಂದರೆ ನಮ್ಮಲ್ಲಿ ಜಿಲ್ಲಾ ನೋಂದಣಾಧಿಕಾರಿ, ಅಂದರೆ ಗದಗ. ಆದರೆ ಗದಗ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ನಾವೆಲ್ಲ ಧಾರವಾಡ ಜಿಲ್ಲೆಯವರು. ನಮ್ಮ ಯಾರ್ಡಿನ ಹಳೆಯ ಅಡತಿ ಅಂಗಡಿ, ಜಿನ್ನಿಂಗ್ ಫ್ಯಾಕ್ಟರಿಗಳ ನೋಂದಣಿ ಪ್ರಮಾಣಪತ್ರದ ಮೇಲೆ ಧಾರವಾಡದ ಮುದ್ರೆ ಇರಬಹುದು. ಅಂಥ ಪ್ರಮಾಣಪತ್ರ ಅಂಗಡಿಯ ಗೋಡೆಗೆ ಕಟ್ಟು ಹಾಕಿಸಿ ತೂಗು ಹಾಕಿದ್ದರೆ, ನೋಂದಣಿ ನಂಬರ್, ವರ್ಷ, ಮುದ್ರೆ ಮೂರನ್ನೂ ಬರೆದುಕೋ. ಗದಗದಲ್ಲಿ ‘ದಾಖಲೆ ಇಲ್ಲ’ ಎಂದರೆ ಧಾರವಾಡದಲ್ಲೂ ಕೇಳಿದ ಮೇಲೆಯೇ ಅದನ್ನು ನಂಬು. ಹೊಸ ಫರ್ಮುಗಳ ಅರ್ಜಿಗಳು ಈಗ ಇಲಾಖೆಯ ಕಾವೇರಿ ತಾಣದ ಮೂಲಕ ನಡೆಯುತ್ತವೆ. ಹಳೆಯವುಗಳಿಗೆ ಕಚೇರಿಯ ಪುಸ್ತಕವೇ ಗತಿ.

ನಾನು ಫರ್ಮಿನವನಲ್ಲ, ಕೊಡುತ್ತಾರೋ ಇಲ್ಲವೋ ಎಂದು ಅಂಜಬೇಡ. ನಿಗದಿತ ಶುಲ್ಕ ಕಟ್ಟಿದ ಯಾರೇ ಆದರೂ ಫರ್ಮುಗಳ ರಿಜಿಸ್ಟರನ್ನೂ ಅದರ ಜೊತೆಗಿಟ್ಟ ಕಾಗದಗಳನ್ನೂ ನೋಡಬಹುದು ಎಂದು 66ನೇ ಕಲಮು ಹೇಳುತ್ತದೆ. 67ನೇ ಕಲಮಿನ ಕೆಳಗೆ ದೃಢೀಕೃತ ನಕಲು ಕೇಳಬಹುದು. ನಿನಗೇಕೆ ಬೇಕು ಎಂದು ಕಾರಣ ಹೇಳುವ ಹಂಗಿಲ್ಲ, ಮಾಹಿತಿ ಹಕ್ಕಿನ ಅರ್ಜಿಯೂ ಬೇಡ. ಬಿಳಿ ಹಾಳೆಯ ಮೇಲೆ ಫರ್ಮಿನ ಪೂರ್ತಿ ಹೆಸರು, ಊರು, ಗೊತ್ತಿದ್ದರೆ ನಂಬರ್ ಬರೆ. ‘ರಿಜಿಸ್ಟರಿನ ನಮೂದು, ಮೂಲ ಅರ್ಜಿ, ಆಮೇಲೆ ಬಂದ ಎಲ್ಲ ಬದಲಾವಣೆಯ ನೋಟಿಸುಗಳು’ ಎಂದು ಸ್ಪಷ್ಟವಾಗಿ ಕೇಳು. ಬರೀ ‘ಫರ್ಮಿನ ನಕಲು’ ಎಂದು ಕೇಳಿದರೆ ನೋಂದಣಿ ಪ್ರಮಾಣಪತ್ರದ ನಕಲು ಕೈಗೆ ಬಂದೀತು. ನಿನಗೆ ಬೇಕಾದ್ದು ಪಾಲುದಾರರ ಪಟ್ಟಿ.

ಆ ನಮೂದಿನಲ್ಲಿ ಏನಿರುತ್ತದೆ ಎಂದರೆ, ನೋಂದಣಿಗಾಗಿ ಕೊಟ್ಟ ಹೇಳಿಕೆಯಲ್ಲಿದ್ದದ್ದೇ: ಫರ್ಮಿನ ಹೆಸರು, ಮುಖ್ಯ ಸ್ಥಳ, ಬೇರೆ ಶಾಖೆಗಳಿದ್ದರೆ ಅವು, ಪ್ರತಿ ಪಾಲುದಾರನ ಪೂರ್ತಿ ಹೆಸರು, ಕಾಯಂ ವಿಳಾಸ, ಅವನು ಸೇರಿದ ತಾರೀಖು, ಫರ್ಮಿನ ಅವಧಿ. ಯಾರ ಬಂಡವಾಳ ಎಷ್ಟು, ಲಾಭದಲ್ಲಿ ಯಾರ ಪಾಲೆಷ್ಟು, ಬ್ಯಾಂಕಿನ ಸಾಲ ಎಷ್ಟು ಎಂಬುದು ಆ ಹೇಳಿಕೆಯಲ್ಲಿ ಇರುವುದಿಲ್ಲ. ಫರ್ಮ್ ಗಟ್ಟಿಯಾಗಿದೆಯೋ ಇಲ್ಲವೋ ಎಂದು ರಿಜಿಸ್ಟ್ರಾರ್ ಪರೀಕ್ಷಿಸಿರುವುದಿಲ್ಲ. ಇದನ್ನು ಮರೆತು ‘ರಿಜಿಸ್ಟರ್ಡ್ ಫರ್ಮ್ ಐತಿ’ ಎಂಬ ಒಂದೇ ಮಾತಿಗೆ ಲಾರಿಗಟ್ಟಲೆ ಮಾಲು ಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ.

ಇನ್ನೊಂದು ದೊಡ್ಡ ಮಿತಿಯಿದೆ, ಅದನ್ನು ಚೆನ್ನಾಗಿ ತಿಳಿದುಕೋ. ಕಾಯ್ದೆಯಲ್ಲಿ ಈ ಪಟ್ಟಿಯನ್ನು ವರ್ಷವರ್ಷ ನವೀಕರಿಸುವ ಕಟ್ಟಳೆಯಿಲ್ಲ. ಯಾರಾದರೂ ಸೇರಿದಾಗ, ಬಿಟ್ಟಾಗ ಅವರಲ್ಲೇ ಒಬ್ಬರು ನೋಟಿಸು ಕೊಟ್ಟರೆ ಮಾತ್ರ ಬದಲಾವಣೆ ದಾಖಲಾಗುತ್ತದೆ. ಕೊಡದಿದ್ದರೆ ಇಪ್ಪತ್ತು ವರ್ಷದ ಹಿಂದಿನ ಹೆಸರುಗಳೇ ಕುಳಿತಿರುತ್ತವೆ. ಹಾಗಾದಾಗ ಹೇಗೆ ಓದಬೇಕೆಂದು ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ.

2006ರಲ್ಲಿ ನೋಂದಣಿಯಾದ ಒಂದು ಬೇಳೆ ಮಿಲ್. ನಕಲಿನಲ್ಲಿ ನಾಲ್ಕು ಹೆಸರಿವೆ: ಅಣ್ಣ, ತಮ್ಮ, ಅವರ ಅಳಿಯ, ಒಬ್ಬ ಗೆಳೆಯ. ಗೆಳೆಯ 2016ರಲ್ಲಿ ತೀರಿಕೊಂಡ. ಅಳಿಯ 2019ರಲ್ಲಿ ಛಾಪಾ ಕಾಗದದ ಮೇಲೆ ಬಿಡುಗಡೆ ಬರೆಸಿಕೊಂಡು ಹುಬ್ಬಳ್ಳಿಗೆ ಹೋದ. 2021ರಲ್ಲಿ ಅಣ್ಣನ ಮಗ ಪಾಲುದಾರನಾದ. ಇದ್ಯಾವುದೂ ಗದಗದ ಪುಸ್ತಕಕ್ಕೆ ಏರಲಿಲ್ಲ. ನೀನು ಮಾಲು ಹಾಕಿದ್ದು 2024ರ ಮಾರ್ಚಿನಲ್ಲಿ.

ಅಣ್ಣ, ತಮ್ಮ ಇಬ್ಬರ ವಿಷಯದಲ್ಲಿ ತಕರಾರಿಲ್ಲ. ಅವರು ಸಹಿ ಮಾಡಿ ಕೊಟ್ಟ ಹೇಳಿಕೆ ಅವರ ವಿರುದ್ಧ ಅಲ್ಲಗಳೆಯಲಾಗದ ಪುರಾವೆ, 68ನೇ ಕಲಮು. ‘ನಾನು ಪಾಲುದಾರನೇ ಆಗಿರಲಿಲ್ಲ’ ಎಂದು ಅವರು ಹೇಳುವಂತಿಲ್ಲ. ತೀರಿಕೊಂಡ ಗೆಳೆಯನ ಹೆಸರು ಪುಸ್ತಕದಲ್ಲಿದ್ದರೂ ಅವನ ಮಕ್ಕಳ ಆಸ್ತಿಯ ಕಡೆ ನೋಡಬೇಡ. ಸತ್ತ ಮೇಲಿನ ವ್ಯವಹಾರಕ್ಕೆ ಅವನ ಆಸ್ತಿ ಹೊಣೆಯಲ್ಲ. ಅದಕ್ಕೆ ಯಾರೂ ನೋಟಿಸು ಕೊಡಬೇಕಾಗಿಯೂ ಇಲ್ಲ. ಅಣ್ಣನ ಮಗನ ಹೆಸರು ಪುಸ್ತಕದಲ್ಲಿ ಇಲ್ಲ ಎಂದ ಮಾತ್ರಕ್ಕೆ ಅವನು ಪಾರಾಗುವುದೂ ಇಲ್ಲ. 2021ರಿಂದ ಅವನು ನಿಜವಾಗಿ ಪಾಲುದಾರ ಎಂದು ನೀನು ತೋರಿಸಿದರೆ ಅವನೂ ಹೊಣೆ. ಆ ಪುರಾವೆ ಬೇರೆ ಕಡೆ ಸಿಗಬೇಕು: ಹೊಸ ಪಾಲುದಾರಿಕೆ ಪತ್ರ, ಬ್ಯಾಂಕ್ ಖಾತೆಯ ಸಹಿ, ಎಪಿಎಂಸಿ ಲೈಸೆನ್ಸಿಗೆ ಕೊಟ್ಟ ಕಾಗದ.

ಉಳಿದವನು ಅಳಿಯ. ನಾನು ಈ ಕಾಗದ ಬರೆಯುತ್ತಿರುವುದೇ ಅವನಿಗಾಗಿ. ನೋಂದಾಯಿತ ಫರ್ಮಿನಿಂದ ಹೊರಬರುವವನು ರಿಜಿಸ್ಟ್ರಾರರಿಗೆ ನೋಟಿಸು ಕೊಟ್ಟು, ಸರ್ಕಾರಿ ಗೆಜೆಟ್ಟಿನಲ್ಲಿಯೂ ಆ ಜಿಲ್ಲೆಯಲ್ಲಿ ಓಡಾಡುವ ಒಂದು ದೇಶಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಕಾಯ್ದೆಯಲ್ಲಿ ಸಾರ್ವಜನಿಕ ನೋಟಿಸು ಎಂದರೆ ಇದು. ಮನೆಯೊಳಗೆ ಬರೆಸಿಕೊಂಡ ಛಾಪಾ ಕಾಗದ ಅವರವರ ನಡುವೆ ನಡೆಯುತ್ತದೆ, ನಿನ್ನ ಮೇಲೆ ನಡೆಯುವುದಿಲ್ಲ. ನೋಟಿಸು ಆಗುವವರೆಗೆ ಫರ್ಮಿನ ಸಾಲಕ್ಕೆ ಅವನು ಮೂರನೆಯವರಿಗೆ ಹೊಣೆಯಾಗಿಯೇ ಇರುತ್ತಾನೆ, 32ನೇ ಕಲಮು. ಆದರೆ ಅದೇ ಕಲಮಿನಲ್ಲಿ ಅವನಿಗೊಂದು ಬಾಗಿಲೂ ಇದೆ. ಅವನು ಪಾಲುದಾರನಾಗಿದ್ದ ಎಂಬುದೇ ತಿಳಿಯದೆ ನೀನು ವ್ಯವಹಾರ ಮಾಡಿದ್ದರೆ, ಅವನು ನಿನಗೆ ಹೊಣೆಯಲ್ಲ.

ಇದನ್ನು ಎರಡು ಸಲ ಓದು. ಬಾಕಿ ನಿಂತ ಮೇಲೆ ಗದಗಕ್ಕೆ ಓಡಿ ನಕಲು ತಂದರೆ, ಅಳಿಯನ ಹೆಸರು ನಿನಗೆ ತಿಳಿದದ್ದು ಆಗ. ‘ಮಾಲು ಹಾಕುವಾಗ ನಮ್ಮ ಕಕ್ಷಿದಾರ ಪಾಲುದಾರನಾಗಿದ್ದ ಎಂಬುದೇ ಇವನಿಗೆ ಗೊತ್ತಿರಲಿಲ್ಲ’ ಎಂದು ಅವನ ವಕೀಲರು ವಾದಿಸುತ್ತಾರೆ. 2024ರ ಫೆಬ್ರುವರಿಯಲ್ಲೇ ನಕಲು ತೆಗೆಸಿದ್ದರೆ, ಕಚೇರಿಯ ಮುದ್ರೆ, ತಾರೀಖು, ಅಳಿಯನ ಹೆಸರು ಒಂದೇ ಹಾಳೆಯ ಮೇಲೆ ಇರುತ್ತವೆ. ಆ ಹೆಸರು ನೋಡಿಯೇ ಉದ್ರಿ ಕೊಟ್ಟೆ ಎನ್ನುವುದಕ್ಕೆ ಆ ಹಾಳೆ ನಿನ್ನ ಸಾಕ್ಷಿ. ಪುಸ್ತಕ ಹಳೆಯದಾಗಿದ್ದರೂ ಅದನ್ನು ಮುಂಚೆ ಓದಿದವನಿಗೆ ಲಾಭವಿದೆ. ಶುಲ್ಕದ ರಸೀದಿಯನ್ನೂ ಆ ನಕಲಿಗೇ ಪಿನ್ ಮಾಡಿಡು.

ಫರ್ಮ್ ನೋಂದಣಿಯೇ ಆಗಿಲ್ಲ ಎಂದು ಉತ್ತರ ಬಂದರೆ? ನಮ್ಮಲ್ಲಿ ನೋಂದಣಿ ಕಡ್ಡಾಯವಲ್ಲ, ಆದ್ದರಿಂದ ಅದು ಮೋಸದ ಗುರುತಲ್ಲ. ನೀನು ಅವರ ಮೇಲೆ ದಾವೆ ಹಾಕುವುದಕ್ಕೂ ಅಡ್ಡಿಯಿಲ್ಲ. ಅಡ್ಡಿ ಅವರಿಗೆ: 69ನೇ ಕಲಮಿನ ಪ್ರಕಾರ, ಒಪ್ಪಂದದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕಬೇಕಾದರೆ ಫರ್ಮ್ ನೋಂದಣಿಯಾಗಿರಬೇಕು, ದಾವೆ ಹಾಕುವ ಪಾಲುದಾರರ ಹೆಸರೂ ಪುಸ್ತಕದಲ್ಲಿ ಇರಬೇಕು. ಶ್ರೀರಾಮ್ ಫೈನಾನ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಆ ಫರ್ಮ್ ನೋಂದಣಿಯಾಗಿತ್ತು, ಆದರೆ ಪಾಲುದಾರರು ಬದಲಾದದ್ದು ದಾವೆ ಹೂಡುವ ದಿನದ ಹೊತ್ತಿಗೆ ರಿಜಿಸ್ಟರಿನಲ್ಲಿ ಏರಿರಲಿಲ್ಲ, ದಾವೆ ನಿಲ್ಲಲಿಲ್ಲ. ನಾಳೆ ನೀನೂ ನಿನ್ನ ಚಿಕ್ಕಪ್ಪನ ಮಗನೂ ಕೂಡಿ ಫರ್ಮ್ ಮಾಡಿದರೆ ಈ ತೊಡಕು ನಿಮ್ಮ ಕೊರಳಿಗೇ ಬರುತ್ತದೆ. ಅಂದೇ ನೋಂದಣಿ ಮಾಡಿಸಿ, ಯಾರು ಬಂದರೂ ಹೋದರೂ ಗದಗಕ್ಕೆ ನೋಟಿಸು ಕೊಡಿ.

ನೋಂದಣಿಯಿಲ್ಲದ ಫರ್ಮಿಗೆ ಮಾಲು ಹಾಕಲೇಬೇಕೆಂದರೆ, ಪಾಲುದಾರಿಕೆ ಪತ್ರದ ನಕಲನ್ನು ಅವರಿಂದಲೇ ಕೇಳು. ಎಲ್ಲ ಪಾಲುದಾರರ ಸಹಿ ಇರುವ ಒಂದು ಚೀಟಿಯನ್ನೂ ಬರೆಸಿಕೋ. ಕೊಡಲು ಹಿಂದೆಮುಂದೆ ನೋಡಿದರೆ ರೊಕ್ಕ ಎಣಿಸಿಯೇ ಮಾಲು ಇಳಿಸು.

ಮಾತು ಕೋರ್ಟಿಗೇ ಹೋಯಿತೆನ್ನು. ಸಿವಿಲ್ ಪ್ರಕ್ರಿಯಾ ಸಂಹಿತೆಯ 30ನೇ ಆದೇಶದಂತೆ ಫರ್ಮಿನ ಹೆಸರಿನಲ್ಲೇ ದಾವೆ ಹಾಕಬಹುದು, ವ್ಯವಹಾರ ನಡೆದಾಗ ಪಾಲುದಾರರು ಯಾರಿದ್ದರೆಂದು ಹೆಸರು, ವಿಳಾಸ ಕೊಡಿಸುವಂತೆ ಕೋರ್ಟನ್ನೂ ಕೇಳಬಹುದು. ಹಾಗೆಂದು ಫರ್ಮಿನ ಹೆಸರಿಗೊಂದೇ ಸಮನ್ಸ್ ಕಳಿಸಿ ಸುಮ್ಮನಾಗಬೇಡ. ಅಣ್ಣ, ತಮ್ಮ, ಅಳಿಯ, ಮಗ ಒಬ್ಬೊಬ್ಬರಿಗೂ ಪಾಲುದಾರರೆಂದು ಬೇರೆ ಬೇರೆ ಸಮನ್ಸ್ ಜಾರಿಯಾಗುವಂತೆ ವಕೀಲರಿಗೆ ಹೇಳು. ಡಿಕ್ರಿಯಾದ ಮೇಲೆ ಫರ್ಮಿನ ಆಸ್ತಿಯ ಮೇಲೆ ನೇರವಾಗಿ ವಸೂಲಿ ಮಾಡಬಹುದು. ಪಾಲುದಾರನ ಸ್ವಂತ ಆಸ್ತಿಯ ಮೇಲೆ ಹೋಗಬೇಕಾದರೆ, ಅವನು ಪಾಲುದಾರನೆಂದು ಹಾಜರಾಗಿರಬೇಕು, ಒಪ್ಪಿಕೊಂಡಿರಬೇಕು, ಕೋರ್ಟೇ ಹಾಗೆ ತೀರ್ಮಾನಿಸಿರಬೇಕು, ಇಲ್ಲವೇ ಅವನ ಕೈಗೆ ಸಮನ್ಸ್ ಜಾರಿಯಾಗಿರಬೇಕು. ಇವುಗಳಲ್ಲಿ ಯಾವುದೂ ಆಗಿರದಿದ್ದರೆ ಅವನ ಮನೆ ಹೊಲದ ಮೇಲೆ ಹೋಗಲು ಮತ್ತೆ ಕೋರ್ಟಿನ ಅನುಮತಿ ಬೇಡಬೇಕಾಗುತ್ತದೆ. ಸಮನ್ಸಿಗೆ ಬೇಕಾದ ಕಾಯಂ ವಿಳಾಸಗಳು ಗದಗದಿಂದ ತಂದ ಆ ನಕಲಿನಲ್ಲೇ ಇರುತ್ತವೆ. ಅಣ್ಣನ ಮಗನ ವಿಳಾಸವನ್ನೂ ಹುಬ್ಬಳ್ಳಿಗೆ ಹೋದ ಅಳಿಯನ ಈಗಿನ ವಿಳಾಸವನ್ನೂ ಮಾತ್ರ ನೀನು ಬೇರೆ ಹುಡುಕಬೇಕು.