ಆರೋಗ್ಯ ಮಾಹಿತಿ ಬಾಟ್: ರೋಗನಿರ್ಣಯ ಮಾಡದೆ ನೆರವಾಗುವ ಕ್ರಮ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಮಳೆಗಾಲದ ಜ್ವರವು ಡೆಂಗಿಯೂ ಆಗಿರಬಹುದು, ಇಲಿಜ್ವರವೂ ಆಗಿರಬಹುದು. ಆರಂಭದಲ್ಲಿ ಲಕ್ಷಣಗಳಿಂದಷ್ಟೇ ಇವನ್ನು ಬೇರ್ಪಡಿಸಲಾಗದು. ಆದುದರಿಂದ “ಮೂರು ದಿನದಿಂದ ಜ್ವರ, ಮೈಕೈ ನೋವು, ಇದು ಡೆಂಗಿಯೇ?” ಎಂಬ ಪ್ರಶ್ನೆಗೆ ಬಾಟ್ “ಹೌದು” ಎನ್ನಬಾರದು. “ಅಲ್ಲ” ಎನ್ನುವುದೂ ರೋಗನಿರ್ಣಯವೇ. ಅದನ್ನು ನಂಬಿದವರು ಪರೀಕ್ಷೆಗೇ ಹೋಗದಿರಬಹುದು.

ಬಾಟ್ ಮೊದಲು ರಕ್ತಸ್ರಾವ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ ಇವೆಯೇ ಎಂದು ಕೇಳತಕ್ಕದ್ದು. ಒಂದಿದ್ದರೂ ಕೂಡಲೇ 108ಕ್ಕೆ ಕರೆಮಾಡಲು ಸೂಚಿಸತಕ್ಕದ್ದು. ಇಲ್ಲದಿದ್ದಲ್ಲಿ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಲು ಹಾಗೂ ನೋವಿಗೆಂದು ತಾವಾಗಿ ಆಸ್ಪಿರಿನ್, ಐಬುಪ್ರೊಫೇನ್ ಸೇವಿಸದಿರಲು ತಿಳಿಸಿ, ಜ್ವರ ಇಳಿದ ಮೇಲೂ ಈ ಲಕ್ಷಣಗಳು ಕಾಣಿಸಬಹುದೆಂದು ಎಚ್ಚರಿಸತಕ್ಕದ್ದು.

ಉತ್ತರ ಕಳುಹಿಸುವ ಮುನ್ನ “ನಿಮಗೆ ಈ ರೋಗವಿದೆ” ಅಥವಾ “ಇಲ್ಲ” ಎಂಬ ವಾಕ್ಯವನ್ನು ಮಾತ್ರ ತಡೆಯತಕ್ಕದ್ದು. ರೋಗದ ಹೆಸರನ್ನೇ ತಡೆದರೆ ಡೆಂಗಿಯ ಮುನ್ನೆಚ್ಚರಿಕೆಯೂ ಜನರಿಗೆ ತಲುಪದು.